ಮೂರು ಗುರುತಿನ ಸಂವತ್ಸರ ಚಕ್ರ

ಇಸವಿ ಇಟ್ಟರೆ ಸಂವತ್ಸರದ ಹೆಸರು ಸಿಗಬೇಕು, ಹೆಸರು ಇಟ್ಟರೆ ಇಸವಿ ಸಿಗಬೇಕು. ಕೈಯಲ್ಲಿ ತಿರುಗಿಸಿ ನೋಡುವ ಹಾಗಿರಬೇಕು, ಕರೆಂಟು, ಚಾರ್ಜು ಏನೂ ಬೇಡ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಸನ್‌ಬೋರ್ಡಿನಲ್ಲಿ ಒಂದು ಚಕ್ರ ಮಾಡಿದೆ. ಮಾಡಿದ ಬಗೆ ಇಲ್ಲಿದೆ. ಬೇಕಾದವರು ಒಂದು ಭಾನುವಾರ ಕೂತು ಮಾಡಿಕೊಳ್ಳಬಹುದು.

ಕಾರಣ ನಮ್ಮ ಭಾವನ ಜಾತಕ. ಭಾವ ಮಂಡ್ಯ ಕಡೆಯ ಹಳ್ಳಿಯವರು. ಜಾತಕದ ಮೇಲ್ಭಾಗ, ಅಂದರೆ ಶಕವರ್ಷ ಬರೆದಿದ್ದ ಸಾಲು, ಗೆದ್ದಲಿಗೆ ಹೋಗಿದೆ. ಉಳಿದದ್ದು "ಸಿದ್ಧಾರ್ಥಿ ನಾಮ ಸಂವತ್ಸರ" ಎಂಬಲ್ಲಿಂದ ಮುಂದಕ್ಕೆ. ಅದನ್ನು ನೋಡಿ ಹಿಂದೆ ಯಾರೋ 1979 ಅಂತ ಲೆಕ್ಕ ಹಾಕಿದ್ದರು, ಶಾಲೆಯ ದಾಖಲೆಯಲ್ಲೂ ಅದೇ ಕೂತಿದೆ. ಅಕ್ಕನಿಗೆ ಮಾತ್ರ ಅದರ ಮೇಲೆ ಯಾವತ್ತೂ ನಂಬಿಕೆ ಇಲ್ಲ. "ಇವರು ಹುಟ್ಟಿದ್ದು ಗ್ರಹಣದ ದಿನ ಅಂತ ಅತ್ತೆ ಹೇಳ್ತಿದ್ರು, ಅದು ಎಂಬತ್ತು ಅಲ್ವಾ?" ಅಂತ ಆಗಾಗ ಕೇಳುತ್ತಾಳೆ. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸೂತ್ರ. ಅರವತ್ತು ಹೆಸರು ಪ್ರಭವದಿಂದ ಶುರುವಾಗಿ ಅಕ್ಷಯಕ್ಕೆ ಮುಗಿಯುತ್ತವೆ, ಮತ್ತೆ ಪ್ರಭವ. ಈಗ ನಡೆಯುತ್ತಿರುವ ಸುತ್ತು ಶುರುವಾದದ್ದು 1987ರ ಉಗಾದಿಗೆ. ಹಾಗಾಗಿ ಇಸವಿಗೆ 54 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. 2025ಕ್ಕೆ 54 ಸೇರಿಸಿದರೆ 2079. ಅದರಲ್ಲಿ 34 ಅರವತ್ತು, ಅಂದರೆ 2040, ಕಳೆದರೆ 39. ಮೂವತ್ತೊಂಬತ್ತನೆಯದು ವಿಶ್ವಾವಸು. ಶಕವರ್ಷ ಗೊತ್ತಿದ್ದರೆ 54ರ ಬದಲು 12 ಕೂಡಿಸಿದರಾಯಿತು: 1947ಕ್ಕೆ 12 ಸೇರಿ 1959, ಶೇಷ ಅದೇ 39.

ಸೂತ್ರ ಸುಲಭವೇ. ಆದರೆ ಬಾಯಿಲೆಕ್ಕದಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಶೇಷ ಸೊನ್ನೆ ಬಂದರೆ ಅದು ಅರವತ್ತನೆಯದು, ಅಕ್ಷಯ. ತುಂಬಾ ಜನ ಅದನ್ನು ಪ್ರಭವ ಅಂದುಕೊಳ್ಳುತ್ತಾರೆ. ಎರಡನೆಯದು ಜನವರಿಯಿಂದ ಉಗಾದಿವರೆಗಿನ ತಿಂಗಳುಗಳು. ಕ್ಯಾಲೆಂಡರಿನ ಇಸವಿ ಬದಲಾಗಿರುತ್ತದೆ, ಸಂವತ್ಸರ ಬದಲಾಗಿರುವುದಿಲ್ಲ. ಭಾವನ ಜಾತಕ ಎಡವಿದ್ದು ಇಲ್ಲೇ. ಚಕ್ರ ಮಾಡುವುದಾದರೆ ಈ ಎರಡಕ್ಕೂ ಅದರಲ್ಲೇ ಜಾಗ ಇರಬೇಕು, ನೋಡುವವರು ನೆನಪಿಟ್ಟುಕೊಳ್ಳುವ ಹಾಗಿರಬಾರದು.

ಚಕ್ರದ ವಿನ್ಯಾಸದಲ್ಲಿ ಒಂದು ತೊಡಕು ಇತ್ತು. ಹೆಸರು ಅರವತ್ತು, ಶತಮಾನ ನೂರು. ಒಳಚಕ್ರದಲ್ಲಿ ಇಸವಿಯ ಕೊನೆಯ ಎರಡು ಅಂಕಿ ಬರೆದರೆ, ಒಂದು ಶತಮಾನಕ್ಕೆ ಸರಿಹೋದದ್ದು ಇನ್ನೊಂದಕ್ಕೆ ಸರಿಹೋಗುವುದಿಲ್ಲ. ಪ್ರತಿ ಶತಮಾನಕ್ಕೂ ಬೇರೆ ಚಕ್ರ ಬೇಕಾ ಅನ್ನಿಸುತ್ತದೆ. ಬೇಡ. ನೂರು ಅಂದರೆ ಒಂದು ಪೂರ್ತಿ ಸುತ್ತು ಮತ್ತೆ ನಲವತ್ತು ಮನೆ. ಹಾಗಾಗಿ ಒಂದು ಶತಮಾನ ದಾಟಿದರೆ ಹೆಸರು ನಲವತ್ತು ಮನೆ ಮುಂದೆ ಹೋಗುತ್ತದೆ. ಮೂರು ಶತಮಾನ ದಾಟಿದರೆ ನೂರಿಪ್ಪತ್ತು ಮನೆ, ಅಂದರೆ ಎರಡು ಸುತ್ತು ಮುಗಿದು ಹೊರಟಲ್ಲಿಗೇ ವಾಪಸ್ಸು. ಎಷ್ಟೇ ಶತಮಾನ ಇರಲಿ, ಗುರುತು ಮೂರೇ ಸಾಕು.

ಆ ಮೂರು ಮನೆಗಳು ಇವು. 1100, 1400, 1700, 2000 ಇವೆಲ್ಲ ವಿಕ್ರಮದಲ್ಲಿ ಬರುತ್ತವೆ. 1300, 1600, 1900 ಶಾರ್ವರಿಯಲ್ಲಿ. 1200, 1500, 1800 ರೌದ್ರಿಯಲ್ಲಿ. ಮುಂದೆ 2100 ಕೂಡ ಅಲ್ಲೇ. ವಿಕ್ರಮ 14ನೆಯದು, ಶಾರ್ವರಿ 34, ರೌದ್ರಿ 54. ಸರಿಯಾಗಿ ಇಪ್ಪತ್ತು ಇಪ್ಪತ್ತು ಮನೆ ಅಂತರ, ಆಟೋರಿಕ್ಷಾದ ಮೂರು ಚಕ್ರ ವೃತ್ತದ ಮೇಲೆ ನಿಲ್ಲಿಸಿದ ಹಾಗೆ. ಇದು ಕಾಗದದ ಮೇಲೆ ಬಂದ ಮೇಲೆ ಉಳಿದದ್ದೆಲ್ಲ ಬರೀ ಕತ್ತರಿ, ಗೋಂದಿನ ಕೆಲಸ.

ಸಾಮಾನು ಹೆಚ್ಚೇನಿಲ್ಲ. ಐದು ಮಿಲಿಮೀಟರ್ ಸನ್‌ಬೋರ್ಡ್ ಒಂದು ಹಾಳೆ, ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿಗಳಲ್ಲಿ ತುಂಡು ಕೊಡುತ್ತಾರೆ. ಆರು ಮಿಲಿಮೀಟರಿನ ಬೋಲ್ಟು, ಎರಡು ಅಗಲ ವಾಷರ್, ಒಂದು ನೈಲಾನ್ ಒಳಸುತ್ತು ಇರುವ ನಟ್ಟು, ಇವು ಸಂತೆಪೇಟೆಯಲ್ಲಿ ಸಿಕ್ಕವು. ಪಾರದರ್ಶಕ ಪ್ಲಾಸ್ಟಿಕ್ ಫೈಲಿನ ಒಂದು ಹೊದಿಕೆ. ಕೈವಾರ, ಕೋನಮಾಪಕ, ಕಟರ್. ನಟ್ಟು ಮಾಮೂಲಿಯದ್ದಾದರೆ ತಿರುಗಿಸುತ್ತಾ ತಿರುಗಿಸುತ್ತಾ ಸಡಿಲವಾಗುತ್ತದೆ, ಇಟ್ಟ ಶತಮಾನ ಜಾರುತ್ತದೆ. ಅದಕ್ಕೇ ನೈಲಾನಿಂದು.

ಹೊರಚಕ್ರದ ತ್ರಿಜ್ಯ 15 ಸೆಂಟಿಮೀಟರ್. ಅಂಚಿನಿಂದ ಒಳಕ್ಕೆ ನಾಲ್ಕೂವರೆ ಸೆಂಟಿಮೀಟರ್ ಪಟ್ಟಿ ಹೆಸರುಗಳಿಗೆ. ಇದಕ್ಕಿಂತ ಕಡಿಮೆ ಬಿಟ್ಟರೆ "ರುಧಿರೋದ್ಗಾರಿ" ಹಿಡಿಸುವುದಿಲ್ಲ. ಅಳತೆ ತೆಗೆದುಕೊಳ್ಳುವಾಗ ಆ ಒಂದು ಹೆಸರು ಕೂತರೆ ಮಿಕ್ಕ ಎಲ್ಲವೂ ಕೂರುತ್ತವೆ. ಹೆಸರುಗಳನ್ನು ಅಡ್ಡಕ್ಕೆ ಬರೆಯಬಾರದು, ಮಧ್ಯದಿಂದ ಅಂಚಿನ ಕಡೆಗೆ ಬರೆಯಬೇಕು. ಒಂದೊಂದು ಮನೆಯ ಅಗಲ ಅಂಚಿನಲ್ಲಿ ಒಂದೂವರೆ ಸೆಂಟಿಮೀಟರ್, ಒಳಗಡೆ ಒಂದು ಸೆಂಟಿಮೀಟರ್ ಸುಮಾರು. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಸೇರಿ ಕನ್ನಡಕ್ಕೆ ಎತ್ತರ ಬೇಕು, ಅಷ್ಟಿದ್ದರೆ ಸಾಕಾಗುತ್ತದೆ.

ಮನೆ ಗುರುತಿಸುವುದರಲ್ಲಿ ಸ್ವಲ್ಪ ಜಾಗ್ರತೆ ಬೇಕು. ಅರವತ್ತು ಮನೆ ಅಂದರೆ ಮನೆಗೆ ಆರು ಡಿಗ್ರಿ. ಕೋನಮಾಪಕ ಇಟ್ಟು ಆರಾರು ಡಿಗ್ರಿ ಗುರುತು ಹಾಕುತ್ತಾ ಸುತ್ತು ಬಂದರೆ, ಪ್ರತಿ ಸಲದ ಕೂದಲೆಳೆಯಷ್ಟು ತಪ್ಪು ಕೂಡಿಕೊಂಡು ಕೊನೆಗೆ ಅಕ್ಷಯದ ಮನೆ ಕಿರಿದಾಗುತ್ತದೆ, ಇಲ್ಲ ಅಗಲವಾಗುತ್ತದೆ. ಕೊನೆಯ ಮನೆ ನೋಡಿದರೆ ಗೊತ್ತಾಗಿಬಿಡುತ್ತದೆ. ಇದಕ್ಕೆ ಸ್ಕೂಲಿನಲ್ಲಿ ಕಲಿತ ಉಪಾಯ ಇದೆ. ವೃತ್ತ ಎಳೆದ ಕೈವಾರದ ಅಗಲ ಬದಲಾಯಿಸದೆ ಪರಿಧಿಯ ಮೇಲೆ ಹೆಜ್ಜೆ ಹಾಕಿದರೆ ಸರಿಯಾಗಿ ಆರು ಹೆಜ್ಜೆಗೆ ಸುತ್ತು ಮುಗಿಯುತ್ತದೆ. ಆರು ಹೆಜ್ಜೆ, ಹೆಜ್ಜೆಗೆ ಹತ್ತು ಹೆಸರು. ಆಮೇಲೆ ಒಂದೊಂದು ಹೆಜ್ಜೆಯ ಒಳಗೆ ಮಾತ್ರ ಕೋನಮಾಪಕ ಬಳಸಬೇಕು. ತಪ್ಪು ಆದರೂ ಆ ಹತ್ತು ಮನೆ ದಾಟಿ ಆಚೆ ಹೋಗುವುದಿಲ್ಲ.

ಹೆಜ್ಜೆಗೆ ಒಂದು ಸಾಲಿನಂತೆ ಹೆಸರುಗಳು ಹೀಗೆ, ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ:

ಪ್ರಭವ, ವಿಭವ, ಶುಕ್ಲ, ಪ್ರಮೋದೂತ, ಪ್ರಜೋತ್ಪತ್ತಿ, ಆಂಗೀರಸ, ಶ್ರೀಮುಖ, ಭಾವ, ಯುವ, ಧಾತು.
ಈಶ್ವರ, ಬಹುಧಾನ್ಯ, ಪ್ರಮಾಥಿ, ವಿಕ್ರಮ, ವೃಷ, ಚಿತ್ರಭಾನು, ಸ್ವಭಾನು, ತಾರಣ, ಪಾರ್ಥಿವ, ವ್ಯಯ.
ಸರ್ವಜಿತು, ಸರ್ವಧಾರಿ, ವಿರೋಧಿ, ವಿಕೃತಿ, ಖರ, ನಂದನ, ವಿಜಯ, ಜಯ, ಮನ್ಮಥ, ದುರ್ಮುಖಿ.
ಹೇವಿಳಂಬಿ, ವಿಳಂಬಿ, ವಿಕಾರಿ, ಶಾರ್ವರಿ, ಪ್ಲವ, ಶುಭಕೃತು, ಶೋಭಕೃತು, ಕ್ರೋಧಿ, ವಿಶ್ವಾವಸು, ಪರಾಭವ.
ಪ್ಲವಂಗ, ಕೀಲಕ, ಸೌಮ್ಯ, ಸಾಧಾರಣ, ವಿರೋಧಿಕೃತು, ಪರಿಧಾವಿ, ಪ್ರಮಾದೀಚ, ಆನಂದ, ರಾಕ್ಷಸ, ನಳ.
ಪಿಂಗಳ, ಕಾಳಯುಕ್ತಿ, ಸಿದ್ಧಾರ್ಥಿ, ರೌದ್ರಿ, ದುರ್ಮತಿ, ದುಂದುಭಿ, ರುಧಿರೋದ್ಗಾರಿ, ರಕ್ತಾಕ್ಷಿ, ಕ್ರೋಧನ, ಅಕ್ಷಯ.

ಬರೆಯುವಾಗ ಕೆಲವು ಜೋಡಿಗಳಿಗೆ ಬೇರೆ ಬಣ್ಣ ಹಾಕಿದೆ. ಹೇವಿಳಂಬಿ–ವಿಳಂಬಿ, ಶುಭಕೃತು–ಶೋಭಕೃತು. ಇವು ಅಕ್ಕಪಕ್ಕದ ಮನೆಗಳು. ಹಳೆ ಕಾಗದದಲ್ಲಿ "ಹೇ" ಅಳಿಸಿ ಹೋಗಿದ್ದರೆ ಒಂದು ವರ್ಷದ ತಪ್ಪು, ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ರೋಧಿ–ಕ್ರೋಧನ, ಪ್ರಮಾಥಿ–ಪ್ರಮಾದೀಚ ಇಂಥವು ಅಷ್ಟು ಅಪಾಯ ಅಲ್ಲ. ಅವುಗಳ ನಡುವೆ ಇಪ್ಪತ್ತು, ಮೂವತ್ತು ವರ್ಷದ ಮೇಲೆ ಅಂತರ ಇದೆ. ಅದಲುಬದಲಾದರೆ ಮಗ ಅಪ್ಪನಿಗಿಂತ ಮುಂಚೆ ಹುಟ್ಟಿಬಿಡುತ್ತಾನೆ, ತಪ್ಪು ತಾನಾಗಿ ಗೊತ್ತಾಗುತ್ತದೆ.

ಒಳಚಕ್ರ ಸ್ವಲ್ಪ ಚಿಕ್ಕದು, ಹತ್ತು ಸೆಂಟಿಮೀಟರಿಗಿಂತ ತುಸು ಜಾಸ್ತಿ ತ್ರಿಜ್ಯ. ಅದಕ್ಕೂ ಅರವತ್ತು ಮನೆ. ಅಂಚಿನ ಸಾಲಿನಲ್ಲಿ 00ಯಿಂದ 59ರವರೆಗೆ, ಅದೇ ಗಡಿಯಾರದ ದಿಕ್ಕಿನಲ್ಲಿ. ಅದರ ಕೆಳಗಿನ ಸಾಲಿನಲ್ಲಿ 00ಯ ಕೆಳಗೆ 60, 01ರ ಕೆಳಗೆ 61, ಹೀಗೆ 39ರ ಕೆಳಗೆ 99. ಒಂದೇ ಮನೆಯ ಎರಡು ಅಂಕಿಗೂ ಒಂದೇ ಹೆಸರು. 00 ಇರುವ ಮನೆಗೆ ಒಂದು ದಪ್ಪ ಬಾಣ. ಹೊರಚಕ್ರದಲ್ಲಿ ವಿಕ್ರಮ, ಶಾರ್ವರಿ, ರೌದ್ರಿ ಈ ಮೂರರ ಪಕ್ಕ ಶತಮಾನದ ಅಂಕಿಗಳನ್ನು ಸಣ್ಣಗೆ ಬರೆದರೆ ಮುಗಿಯಿತು. ಬಾಣವನ್ನು ಬೇಕಾದ ಶತಮಾನಕ್ಕೆ ತಿರುಗಿಸಿ, ಇಸವಿಯ ಕೊನೆಯ ಎರಡು ಅಂಕಿ ಹುಡುಕಿ, ಎದುರಿನ ಹೆಸರು ಓದಬೇಕು.

ಉಗಾದಿಗೆ ಮುಂಚಿನ ತಿಂಗಳುಗಳಿಗೆ ಪ್ಲಾಸ್ಟಿಕ್ ಪಟ್ಟಿ. ಅದೂ ಅದೇ ಬೋಲ್ಟಿಗೆ, ಎಲ್ಲಕ್ಕಿಂತ ಮೇಲೆ. ಅದರ ಮೇಲೆ ಮಧ್ಯದಿಂದ ಅಂಚಿನವರೆಗೆ ಒಂದು ಕಪ್ಪು ಗೆರೆ. ಅದಕ್ಕಿಂತ ಆರು ಡಿಗ್ರಿ ಹಿಂದೆ, ಹೆಸರಿನ ಪಟ್ಟಿಯ ಮೇಲೆ ಮಾತ್ರ, ಒಂದು ಕೆಂಪು ಗೆರೆ. ಕಪ್ಪು ಗೆರೆಯನ್ನು ಇಸವಿಯ ಮೇಲೆ ಇಟ್ಟರೆ, ಉಗಾದಿ ಆದ ಮೇಲಿನ ದಿನಕ್ಕೆ ಕಪ್ಪು ಗೆರೆಯ ಹೆಸರು, ಉಗಾದಿಗೆ ಮುಂಚಿನ ದಿನಕ್ಕೆ ಕೆಂಪು ಗೆರೆಯ ಹೆಸರು. ಉಗಾದಿ ಯಾವತ್ತು ಅನ್ನುವುದನ್ನು ಚಕ್ರ ಹೇಳುವುದಿಲ್ಲ. ಈಗಿನ ಕಾಲದಲ್ಲಿ ಅದು ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಬರುತ್ತದೆ. ಆ ಒಂದು ತಿಂಗಳ ತಾರೀಖಾದರೆ ಆ ವರ್ಷದ ಪಂಚಾಂಗ ನೋಡಲೇಬೇಕು. ತಮಿಳು ಪದ್ಧತಿಯ ಕಾಗದಪತ್ರ ಆದರೆ ಇನ್ನೊಂದು ಎಚ್ಚರ: ಅವರಿಗೆ ಹೆಸರು ಅವೇ, ಆದರೆ ವರ್ಷ ತಿರುಗುವುದು ಏಪ್ರಿಲ್ 14ರ ಆಸುಪಾಸಿನ ಸೌರಮಾನ ಹೊಸವರ್ಷಕ್ಕೆ. ನಮ್ಮ ಉಗಾದಿ ಆಗಿ ಅವರದ್ದು ಬರುವವರೆಗೆ ಅವರ ಕಾಗದದಲ್ಲಿ ಹಳೆ ಹೆಸರೇ ಇರುತ್ತದೆ.

ಪರೀಕ್ಷೆಗೆ ಎಲ್ಲರಿಗೂ ಗೊತ್ತಿರುವ ತಾರೀಖು ತೆಗೆದುಕೊಂಡೆ. ಬಾಣ 1900ಕ್ಕೆ, ಅಂದರೆ ಶಾರ್ವರಿಗೆ. 47ರ ಎದುರು ಸರ್ವಜಿತು. ಸ್ವಾತಂತ್ರ್ಯ ಬಂದ ಆಗಸ್ಟ್ ಸರ್ವಜಿತು ಸಂವತ್ಸರದ್ದೇ. 56ರ ಎದುರು ದುರ್ಮುಖಿ, ರಾಜ್ಯ ಒಂದಾದ ವರ್ಷ. ಬಾಣ 2000ಕ್ಕೆ ತಿರುಗಿಸಿದರೆ 25ಕ್ಕೆ ವಿಶ್ವಾವಸು, 26ಕ್ಕೆ ಪರಾಭವ, ಒಂಟಿಕೊಪ್ಪಲ್ ಪಂಚಾಂಗದ ಹಾಗೇ. ದೂರದ್ದೊಂದು ಬೇಕಲ್ಲ, ಅದಕ್ಕೆ ಬೇಲೂರು. ವಿಷ್ಣುವರ್ಧನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ್ದು ಶಕ 1039, ಹೇವಿಳಂಬಿ ಸಂವತ್ಸರ, ಅಂದರೆ 1117. ಬಾಣ 1100ಕ್ಕೆ, ಅದೇ ವಿಕ್ರಮದ ಮನೆ. 17ರ ಎದುರು ಹೇವಿಳಂಬಿ. ಒಂಬೈನೂರು ವರ್ಷ ಹಿಂದಿನ ಶಾಸನಕ್ಕೂ ಈಗಿನ ಪಂಚಾಂಗಕ್ಕೂ ನಡುವೆ ಒಂದು ಮನೆಯೂ ತಪ್ಪಿಲ್ಲ.

ಶಾಸನ ಓದುವವರಿಗೆ ಈ ಚಕ್ರ ಇನ್ನೊಂದು ಕೆಲಸಕ್ಕೆ ಬರುತ್ತದೆ. ಶಕವರ್ಷವನ್ನು ಕೆಲವರು ಮುಗಿದ ವರ್ಷ ಎಣಿಸಿ ಬರೆಯುತ್ತಿದ್ದರು, ಕೆಲವರು ನಡೆಯುತ್ತಿರುವ ವರ್ಷ ಎಣಿಸಿ. ಅಂಕಿ ಒಂದು ಹೆಚ್ಚುಕಡಿಮೆ ಇರುತ್ತದೆ. ಜೊತೆಗೆ ಸಂವತ್ಸರದ ಹೆಸರಿದ್ದರೆ ಯಾವ ಎಣಿಕೆ ಅಂತ ತಿಳಿಯುತ್ತದೆ. 12 ಕೂಡಿಸಿದಾಗ ಹೆಸರು ಸರಿಹೋದರೆ ಮುಗಿದ ವರ್ಷ, 11 ಕೂಡಿಸಿದಾಗ ಸರಿಹೋದರೆ ನಡೆಯುತ್ತಿರುವ ವರ್ಷ. ಎರಡಕ್ಕೂ ಸಿಗದಿದ್ದರೆ ಅಂಕಿಯನ್ನೇ ಮತ್ತೊಮ್ಮೆ ಓದಬೇಕು.

ಈಗ ಭಾವನ ಜಾತಕ. ಉಳಿದಿರುವ ಸಾಲು ಹೀಗಿದೆ: ಸಿದ್ಧಾರ್ಥಿ ನಾಮ ಸಂವತ್ಸರ, ಮಾಘ ಬಹುಳ ಅಮಾವಾಸ್ಯೆ, ಶನಿವಾರ. ಬಾಣ 1900ಕ್ಕೆ ಇಟ್ಟು ಈ ಸಲ ಹೆಸರಿನಿಂದ ಒಳಕ್ಕೆ ಓದಿದೆ. ಸಿದ್ಧಾರ್ಥಿಯ ಎದುರಿನ ಮನೆಯಲ್ಲಿ ಎರಡು ಅಂಕಿ, ಮೇಲೆ 19, ಕೆಳಗೆ 79. ಬಾಣ 1800ಕ್ಕೆ ತಿರುಗಿಸಿದರೆ 59. ಅಂದರೆ 1859, 1919 ಅಥವಾ 1979ರ ಉಗಾದಿಗೆ ಶುರುವಾದ ಸಂವತ್ಸರ. ಮೊದಲನೆಯದು ಬಿಡಿ. ಭಾವ 1919ರಲ್ಲಿ ಹುಟ್ಟಿಲ್ಲ ಅನ್ನುವುದೂ ನಮಗೆ ಗೊತ್ತಿದೆ, ಆದರೆ ಗೊತ್ತಿಲ್ಲದವರ ಕಾಗದ ಆಗಿದ್ದರೆ ಹೇಗೆ ತೀರ್ಮಾನ ಮಾಡುವುದು ಅಂತ ನೋಡೋಣ.

ಇಲ್ಲಿ ಕೆಂಪು ಗೆರೆಯ ಕೆಲಸ. ಮಾಘ ಅಂದರೆ ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಎಲ್ಲಾದರೂ ಬರುವ ತಿಂಗಳು. ಚೈತ್ರದಿಂದ ಕಾರ್ತಿಕದವರೆಗೆ ಹಳೆ ಇಸವಿಯೇ. ಮಾಘ, ಫಾಲ್ಗುಣ ಬಂದರೆ ಮುಂದಿನ ಇಸವಿ. ಮಾರ್ಗಶಿರದ ಕೊನೆಯಲ್ಲಿ, ಪುಷ್ಯದಲ್ಲಿ ಮಾತ್ರ ಎರಡೂ ಆಗಬಹುದು, ತಿಥಿ ನೋಡಿ ಹೇಳಬೇಕು. ಹಾಗಾಗಿ ಸಿದ್ಧಾರ್ಥಿಯ ಮಾಘ 1980ರಲ್ಲೋ 1920ರಲ್ಲೋ ಬರುತ್ತದೆ, 1979ರಲ್ಲಿ ಬರುವುದು ಸಾಧ್ಯವೇ ಇಲ್ಲ. ಚಕ್ರದಲ್ಲಿ ಕಪ್ಪು ಗೆರೆ 80ರ ಮೇಲಿಟ್ಟರೆ ಅದು ರೌದ್ರಿಯ ಮೇಲೆ, ಕೆಂಪು ಗೆರೆ ಸರಿಯಾಗಿ ಸಿದ್ಧಾರ್ಥಿಯ ಮೇಲೆ. ರೌದ್ರಿ ಶುರುವಾದ ಉಗಾದಿ 1980ರ ಮಾರ್ಚ್ 17ಕ್ಕೆ.

ಎರಡರಲ್ಲಿ ಯಾವುದು ಅನ್ನುವುದಕ್ಕೆ ವಾರ ಇದೆ. ಅರವತ್ತು ವರ್ಷಕ್ಕೆ ಹೆಸರು ತಿರುಗಿ ಬಂದರೂ ಅದೇ ತಿಥಿಗೆ ಅದೇ ವಾರ ಸಾಮಾನ್ಯವಾಗಿ ಬರುವುದಿಲ್ಲ. 1920ರಲ್ಲಿ ಆ ಅಮಾವಾಸ್ಯೆ ಫೆಬ್ರವರಿ 19, 20ರ ಸುಮಾರಿಗೆ, ಗುರುವಾರ ಇಲ್ಲ ಶುಕ್ರವಾರ. 1980ರಲ್ಲಿ ಫೆಬ್ರವರಿ 16, ಶನಿವಾರ. ವಾರ ಕೂಡಿತು. ಅತ್ತೆ ಹೇಳುತ್ತಿದ್ದ ಗ್ರಹಣವೂ ಕೂಡಿತು, ಯಾಕೆಂದರೆ ಆವತ್ತು ಮಧ್ಯಾಹ್ನವೇ ಕಾರವಾರದ ಕಡೆಯಿಂದ ರಾಯಚೂರಿನವರೆಗೆ ಪೂರ್ಣ ಸೂರ್ಯಗ್ರಹಣ ಆದದ್ದು. ನಮ್ಮ ಮೈಸೂರು, ಮಂಡ್ಯ ಕಡೆ ಪಾರ್ಶ್ವ ಗ್ರಹಣ. 1920ರ ಫೆಬ್ರವರಿಯಲ್ಲಿ ಗ್ರಹಣವೇ ಇಲ್ಲ. ಹೆಸರು ಮಾತ್ರ ಇದ್ದರೆ ಅರವತ್ತು ವರ್ಷದ ಅನುಮಾನ, ಹೆಸರಿನ ಜೊತೆ ಮಾಸ, ತಿಥಿ, ವಾರ ಮೂರೂ ಇದ್ದರೆ ಸಾಮಾನ್ಯವಾಗಿ ಒಂದೇ ದಿನ ಉಳಿಯುತ್ತದೆ. ವಾರ ಒಂದು ದಿನ ಹಿಂದೆಮುಂದೆ ಬಂದರೆ ಮಾತ್ರ ಆತುರ ಬೇಡ. ತಿಥಿ ಸೂರ್ಯೋದಯಕ್ಕೆ ಇತ್ತಾ, ಮಧ್ಯಾಹ್ನ ಶುರುವಾಯಿತಾ ಅನ್ನುವುದರ ಮೇಲೆ ಅಷ್ಟು ವ್ಯತ್ಯಾಸ ಆಗುತ್ತದೆ. ಎರಡು ದಿನ ತಪ್ಪಿದರೆ ಇಸವಿ ಬೇರೆ ಅಂತಲೇ ಅರ್ಥ.

ಚಕ್ರ ಕೆಲಸ ಮಾಡದ ಜಾಗಗಳೂ ಇವೆ. ಕಾಶಿ ಕಡೆಯ ಪಂಚಾಂಗ ತೆಗೆದರೆ ಹೆಸರು ಬೇರೆಯೇ ಇರುತ್ತದೆ, ನಮಗಿಂತ ಹತ್ತು ಮನೆಗೂ ಜಾಸ್ತಿ ಮುಂದೆ. ಅವರದ್ದು ತಪ್ಪಲ್ಲ. ಈ ಎಣಿಕೆ ಮೂಲದಲ್ಲಿ ಗುರುಗ್ರಹದ್ದು. ಗುರು ತನ್ನ ಸರಾಸರಿ ವೇಗದಲ್ಲಿ ಒಂದು ರಾಶಿ ದಾಟಲು ಸುಮಾರು 361 ದಿನ ಹಿಡಿಯುತ್ತದೆ. ನಮ್ಮ ವರ್ಷಕ್ಕೆ ನಾಲ್ಕು ದಿನ ಕಡಿಮೆ. ಆ ನಾಲ್ಕು ದಿನ ಕೂಡುತ್ತಾ ಸುಮಾರು 85 ವರ್ಷಕ್ಕೆ ಒಂದು ಪೂರ್ತಿ ವರ್ಷ ಆಗುತ್ತದೆ, ಆಗ ಉತ್ತರದವರು ಒಂದು ಹೆಸರನ್ನು ಹಾರಿಸುತ್ತಾರೆ. ನಮ್ಮ ಕಡೆ ಹಾಗೆ ಹಾರಿಸುವುದನ್ನು ಸುಮಾರು ಹತ್ತನೇ ಶತಮಾನದ ಹೊತ್ತಿಗೆ ನಿಲ್ಲಿಸಿಬಿಟ್ಟರು, ವರ್ಷಕ್ಕೆ ಒಂದು ಹೆಸರು ಅಂತ ಗಟ್ಟಿ ಮಾಡಿಕೊಂಡರು. ನನಗೆ ಇದು ಜಾಣತನ ಅನ್ನಿಸುತ್ತದೆ. ಇಲ್ಲದಿದ್ದರೆ ಮೂರು ಗುರುತಿನ ಚಕ್ರ ಮಾಡುವುದೇ ಆಗುತ್ತಿರಲಿಲ್ಲ. ಅದಕ್ಕೇ ಒಳಚಕ್ರದ ಮೇಲೆ ಸಣ್ಣಗೆ "1000ದಿಂದ ಈಚೆಗೆ, ದಕ್ಷಿಣದ ಪದ್ಧತಿ" ಅಂತ ಬರೆದಿದ್ದೇನೆ.

ಹೊರಚಕ್ರದ ಅಂಚಿನಲ್ಲಿ ಕ್ರಮಸಂಖ್ಯೆ 1ರಿಂದ 60 ಬರೆಯಲು ಮರೆಯಬೇಡಿ. ಲೆಕ್ಕಕ್ಕೆ ಬೇಕಿಲ್ಲದಿದ್ದರೂ ಶ್ರೀರಂಗಪಟ್ಟಣದ ನಾಣ್ಯ ಓದಲು ಬೇಕು. ಟಿಪ್ಪು ಸುಲ್ತಾನ್ ತನ್ನ ಪಂಚಾಂಗಕ್ಕೆ ಇದೇ ಅರವತ್ತರ ಸುತ್ತನ್ನು ಇಟ್ಟುಕೊಂಡು, ಹೆಸರುಗಳನ್ನು ಮಾತ್ರ ಬದಲಾಯಿಸಿದ. ಹೊಸ ಹೆಸರಿನ ಅರಬ್ಬಿ ಅಕ್ಷರಗಳ ಬೆಲೆ ಕೂಡಿಸಿದರೆ ಸಂವತ್ಸರದ ಕ್ರಮಸಂಖ್ಯೆ ಬರಬೇಕು, ಹಾಗೆ ಆರಿಸಿದ್ದು. ಪಟ್ಟಣದ ಟಂಕಸಾಲೆಯ ರೂಪಾಯಿಯಲ್ಲಿ ಹಿಜರಿ 1198ರ ಜೊತೆ "ಅಜಲ್" ವರ್ಷ ಅಂತ ಇರುತ್ತದೆ. ಅಲಿಫ್‌ಗೆ 1, ಜೆ಼ಗೆ 7, ಲಾಮ್‌ಗೆ 30. ಒಟ್ಟು 38. ಚಕ್ರದಲ್ಲಿ ಬಾಣ 1700ಕ್ಕೆ ಇಟ್ಟು 84 ನೋಡಿದರೆ ಕ್ರೋಧಿ, ಕ್ರಮಸಂಖ್ಯೆ 38. ಆದರೆ 1787ರಿಂದ ಈಚೆಯ ನಾಣ್ಯಕ್ಕೆ ಈ ಬೆಲೆ ಹಾಕಿದರೆ ಲೆಕ್ಕ ಎಲ್ಲೋ ಹೋಗುತ್ತದೆ. ಅಷ್ಟರಲ್ಲಿ ಟಿಪ್ಪು ಅಕ್ಷರಗಳಿಗೆ ಬೆಲೆ ಕೊಡುವ ಕ್ರಮವನ್ನು ವರ್ಣಮಾಲೆಯ ಸಾಲಿಗೆ ಬದಲಾಯಿಸಿದ್ದ. "ಶಾ" ಅನ್ನುವ ವರ್ಷ ಹಳೆ ಕ್ರಮದಲ್ಲಿ 301, ಅರವತ್ತರೊಳಗೆ ಬರುವುದೇ ಇಲ್ಲ. ಹೊಸ ಕ್ರಮದಲ್ಲಿ ಶೀನ್‌ಗೆ 40, ಅಲಿಫ್‌ಗೆ 1, ಒಟ್ಟು 41. ಚಕ್ರದಲ್ಲಿ 87ರ ಎದುರು ಪ್ಲವಂಗ, ನಲವತ್ತೊಂದನೆಯ ಮನೆ. ಮೊತ್ತ ಅರವತ್ತು ದಾಟಿತು ಅಂದರೆ ನಾಣ್ಯ ಹೊಸ ಕ್ರಮದ್ದು, ಇನ್ನೊಂದು ಬೆಲೆಪಟ್ಟಿ ಹಿಡಿದು ಕೂಡಿಸಿ.